ರಸೀದಿ ಅಕ್ಕ ಮತ್ತು ಒಂದು ಖಾಲಿ ಸೀಟು

ಆ ಶನಿವಾರ ಮಧ್ಯಾಹ್ನ ನಾನು ಕೂತ ಪ್ಲಾಸ್ಟಿಕ್ ಕುರ್ಚಿಯ ಹಿಂಗಾಲುಗಳು ಎರಡೂ ಒಟ್ಟಿಗೆ ನನ್ನ ಕೈಬಿಟ್ಟವು. ಮನುಷ್ಯ ಬೀಳುವುದಕ್ಕೆ ಒಂದು ಜಾಗ, ಒಂದು ಹೊತ್ತು ಅಂತ ಇರಬೇಕು. ನಾನು ಬಿದ್ದದ್ದು ನಮ್ಮ ಕೋಚಿಂಗ್ ಕ್ಲಾಸಿನ ಫೀಸ್ ಕೌಂಟರಿನ ಎದುರಿಗೆ, ಏಳೆಂಟು ಪೋಷಕರ ನಡುವೆ, "ನಮ್ಮಲ್ಲಿ ಎಲ್ಲದಕ್ಕೂ ಒಂದು ಗಟ್ಟಿ ತಳಪಾಯ ಹಾಕಿಕೊಡ್ತೀವಿ" ಎಂಬ ವಾಕ್ಯದ ಮಧ್ಯದಲ್ಲಿ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಒಬ್ಬ ಹೆಂಗಸು ಮಾತ್ರ ತನ್ನ ಮಗನನ್ನು ಹತ್ತಿರಕ್ಕೆ ಎಳೆದುಕೊಂಡಳು, ಬೀಳುವುದು ಅಂಟುರೋಗವೇನೋ ಎಂಬಂತೆ. ಕೌಂಟರಿನ ಕಂಬಿಯ ಹಿಂದಿನಿಂದ ಒಂದು ದನಿ ಬಂತು.

"ಭಾಷೆ ಮೇಷ್ಟ್ರೇ, ಏಟಾಯ್ತಾ?"

"ಇಲ್ಲ ಅಕ್ಕ."

"ಹಂಗಾದ್ರೆ ಕಾಲು ಎರಡೂ ಎತ್ತಿಟ್ಕೊಳಿ. ಕುರ್ಚೀದು. ಗ್ಯಾರಂಟಿ ಇನ್ನೂ ಮುಗಿದಿಲ್ಲ, ರಸೀದಿ ಇದೆ."

ಇವರೇ ರಸೀದಿ ಅಕ್ಕ. ನಾನು ಹೇಳಹೊರಟಿರುವುದು ಇವರ ಕಥೆಯನ್ನು. ನನ್ನ ಪತನ ಅದಕ್ಕೆ ಬರೀ ಬಾಗಿಲು.

ನಮ್ಮದು ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಕ್ಲಾಸು. ಬೇಕರಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಒಂದು ಕಿಷ್ಕಿಂಧೆಯಂಥ ಆಫೀಸು. ಕೆಳಗಿನಿಂದ ಬರುವ ಬ್ರೆಡ್ಡಿನ ವಾಸನೆಗೆ ಬೆಳಗಿನ ಬ್ಯಾಚಿನ ಮಕ್ಕಳಿಗೆ ಸೂತ್ರಗಳೆಲ್ಲ ಬನ್ನಿನ ಹಾಗೆ ಕಾಣುತ್ತವೆ. ಯಜಮಾನರು ಭೌತಶಾಸ್ತ್ರ ಹೇಳಿಕೊಡುವ ದೊಡ್ಡ ಮೇಷ್ಟ್ರು. ದುಡ್ಡು ಹಾಕಿರುವವನು ಅವರ ಹೆಂಡತಿಯ ತಮ್ಮ. ಅವನನ್ನು ನಾವು ಭಾವಮೈದ ಅಂತಲೇ ಕರೆಯುವುದು, ಎಲ್ಲರಿಗೂ ಅವನು ಭಾವಮೈದನೇ ಏನೋ ಎಂಬಂತೆ. ನಾನು ಕಲಿಸುವುದು ಭಾಷಾ ಪತ್ರಿಕೆ. ಅತಿ ಕಡಿಮೆ ಅಂಕದ ಪತ್ರಿಕೆ ಅದು. ಹಾಗಾಗಿ ವೇಳಾಪಟ್ಟಿಯಲ್ಲಿ ನನಗೆ ಸಿಗುವುದು ಊಟವಾದ ಮೇಲಿನ ಪೀರಿಯಡ್ಡು. ಮಕ್ಕಳ ನಿದ್ದೆಗೆ ನಾನು ಅನೇಕ ವರ್ಷಗಳಿಂದ ನೆರಳಾಗಿದ್ದೇನೆ.

ರಸೀದಿ ಅಕ್ಕ ಇಲ್ಲಿಗೆ ಬರುವ ಮೊದಲು ಒಂದು ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಕೊಡುತ್ತಿದ್ದರು. ಟಾಕೀಸು ಮುಚ್ಚಿ ಗೋಡೌನಾದ ಮೇಲೆ ಇಲ್ಲಿಗೆ ಬಂದರು. ಬರುವಾಗ ಅಲ್ಲಿನ ಎರಡು ಅಭ್ಯಾಸ ತಂದರು. ಒಂದು, ಕಂಬಿಯ ಸಣ್ಣ ಕಿಂಡಿಯಲ್ಲೇ ಮಾತಾಡುವುದು. ಬಾಗಿಲು ತೆರೆದಿದ್ದರೂ ಕಿಂಡಿಗೇ ಬನ್ನಿ ಅನ್ನುತ್ತಾರೆ. ಇನ್ನೊಂದು, ಏನು ಕೊಟ್ಟರೂ ಏನು ತಗೊಂಡರೂ ರಸೀದಿ. ಚಹಾ ತರುವವನಿಗೂ ರಸೀದಿ. ಅಕ್ಕನ ಗಂಡ ದನದ ಡಾಕ್ಟರ ಹತ್ತಿರ ಕಾಂಪೌಂಡರು. ಒಮ್ಮೆ ಸಿಕ್ಕಾಗ ಅವರು ನನ್ನ ಕಿವಿಯಲ್ಲಿ, "ಮನೇಲಿ ನಾನು ತಪ್ಪಾಯ್ತು ಅಂದ್ರೂ ಬರ್ಕೊಡಿ ಅಂತಾಳೆ, ಮೇಷ್ಟ್ರೇ" ಅಂದರು. ದನಗಳ ಜೊತೆ ಇದ್ದು ಇದ್ದು ಅವರಿಗೆ ಸಹನೆ ಬಂದಿದೆ.

ಫೀಸಿನ ಲೆಕ್ಕ ನಮ್ಮಲ್ಲಿ ಹೀಗೆ. ಆರು ತಿಂಗಳ ಬ್ಯಾಚಿಗೆ ಮೂವತ್ತಾರು ಸಾವಿರ. ಅದರಲ್ಲಿ ಎರಡು ಸಾವಿರ ದಾಖಲಾತಿಗೆ, ನಾಲ್ಕು ಸಾವಿರ ಪುಸ್ತಕಗಳಿಗೆ, ಉಳಿದ ಮೂವತ್ತು ಸಾವಿರ ಪಾಠಕ್ಕೆ, ಅಂದರೆ ತಿಂಗಳಿಗೆ ಐದು ಸಾವಿರ. ಒಟ್ಟಿಗೆ ಕಟ್ಟಿದರೆ ಎರಡು ಸಾವಿರ ರಿಯಾಯ್ತಿ. ಆಗದವರಿಗೆ ಮೂರು ಕಂತು: ಸೇರುವಾಗ ಹದಿನಾರು, ಮೂರನೇ ತಿಂಗಳ ಶುರುವಿಗೆ ಹತ್ತು, ಐದನೇ ತಿಂಗಳ ಶುರುವಿಗೆ ಹತ್ತು. ಸೇರಿದ ಹದಿನೈದು ದಿನದೊಳಗೆ ಬಿಟ್ಟರೆ ಪಾಠದ ದುಡ್ಡು ವಾಪಸ್ಸು. ಹದಿನಾರನೇ ದಿನ ಬಂದರೆ ಬರಿಗೈ. ಈ ಕೊನೆಯ ನಿಯಮವನ್ನು ಹೇಳಿದವರು ಅಕ್ಕನೇ. "ಸಿನಿಮಾ ಶುರುವಾದ್ಮೇಲೆ ಟಿಕೆಟ್ ವಾಪಸ್ ತಗೊಂಡ್ರೆ ಪ್ರೊಜೆಕ್ಟರ್ ಓಡ್ಸೋನಿಗೆ ಸಂಬಳ ಕೊಡೋದು ಯಾರು?" ಎಂಬುದು ಅವರ ವಾದವಾಗಿತ್ತು. ಪ್ರೊಜೆಕ್ಟರ್ ಓಡಿಸುವವರ ಪೈಕಿ ನಾನೂ ಒಬ್ಬ. ಹಾಗಾಗಿ ಜೋರಾಗಿ ತಲೆಯಾಡಿಸಿದ್ದೆ.

ಆ ನಿಯಮದ ಮೊದಲ ಏಟು ಹೋದ ವರ್ಷದ ಬ್ಯಾಚಿನಲ್ಲಿ ಬಿದ್ದದ್ದು ಅಕ್ಕನ ಸ್ವಂತ ತಂಗಿಗೆ. ತಂಗಿಯ ಮಗ ಇಪ್ಪತ್ತನೇ ದಿನ ಪುಸ್ತಕ ಮಡಿಸಿಟ್ಟು, ನನಗೆ ಇದು ಬೇಡ, ನಾನು ಕ್ಯಾಮೆರಾ ಹಿಡಿಯುತ್ತೇನೆ ಅಂದ. ತಂಗಿ ಕಿಂಡಿಯ ಮುಂದೆ ಬಂದು ನಿಂತಳು. ಅಕ್ಕ, "ಐದು ದಿನ ತಡ ಆಯ್ತು ಕಣೇ" ಅಂದರು. ತಂಗಿ ಕಿಂಡಿಯೊಳಗೆ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ, "ಕೌಂಟರಲ್ಲಿ ಕೂತ್ರೆ ರಕ್ತ ಕೂಡ ರಸೀದಿ ಕೇಳುತ್ತೆ ಅಂತ ಇವತ್ತು ಗೊತ್ತಾಯ್ತು" ಅಂದು ಹೊರಟುಹೋದಳು. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ತಾಯಿಯನ್ನು ನೋಡಲು ಒಂದು ಭಾನುವಾರ ಇವರು ಹೋದರೆ ಮುಂದಿನ ಭಾನುವಾರ ಅವಳು. ತಾಯಿ ಇಬ್ಬರಿಗೂ ಬೇರೆ ಬೇರೆಯಾಗಿ ಅದೇ ಬೈಗುಳ ಎರಡು ಸಲ ಬೈಯಬೇಕು.

ಈಗ ಆ ಶನಿವಾರಕ್ಕೆ ಬರುತ್ತೇನೆ. ಪೋಷಕರು ಚದುರಿದರು. ಒಬ್ಬರು ಮಾತ್ರ ಹೋಗಲಿಲ್ಲ. ನಡುವಯಸ್ಸಿನ ಗಂಡಸು, ಹೆಗಲ ಮೇಲೆ ಸ್ಪ್ಯಾನರುಗಳ ಚೀಲ, ಉಗುರಿನ ಸಂದಿಯಲ್ಲಿ ಗ್ರೀಸು. ಲಿಫ್ಟ್ ರಿಪೇರಿ ಮಾಡುವವರು. ಅವರ ಹಿಂದೆ ಅವರ ಮಗಳು, ನನ್ನ ಪೀರಿಯಡ್ಡಿನಲ್ಲಿ ನಿದ್ದೆ ಮಾಡದ ಇಬ್ಬರು ಮೂವರಲ್ಲಿ ಒಬ್ಬಳು. ಅದಕ್ಕೇ ನನಗೆ ಅವಳ ಮುಖ ಚೆನ್ನಾಗಿ ಗೊತ್ತು.

"ಅಕ್ಕಾ, ಇವಳು ಬಿಡ್ತಾಳಂತೆ" ಅಂದರು ಅವರು. "ಲ್ಯಾಬ್ ಟೆಕ್ನಿಷಿಯನ್ ಕೋರ್ಸಲ್ಲಿ ಸೀಟು ಸಿಕ್ಕಿದೆ. ಇವಳೇ ಹುಡುಕ್ಕೊಂಡಿದ್ದು. ಸೋಮವಾರ ಬೆಳಿಗ್ಗೆ ಬಾಗ್ಲು ತೆಗೀತಿದ್ದಂಗೆ ಹತ್ತು ಸಾವ್ರ ಕಟ್ಬೇಕು. ಇಲ್ದಿದ್ರೆ ಆ ಸೀಟು ಮುಂದಿನವ್ರಿಗೆ ಹೋಗುತ್ತೆ."

"ನಮ್ಮಲ್ಲಿ ಹದಿನೈದು ದಿನ ದಾಟಿ ತುಂಬ ದಿನ ಆಯ್ತಲ್ಲ ಸ್ವಾಮಿ. ಎರಡು ತಿಂಗಳು ಇವತ್ತಿಗೆ ಮುಗೀತು."

"ಗೊತ್ತು. ಆದ್ರೆ ನಾನು ಒಟ್ಟಿಗೇ ಕಟ್ಟಿದೀನಿ. ರಿಯಾಯ್ತಿ ಸಿಗುತ್ತೆ ಅಂತ ಸೊಸೈಟೀಲಿ ಇದ್ದದ್ದೆಲ್ಲ ತೆಗೆದು ಕಟ್ಟಿದೆ. ಈಗ ಕೈಯಲ್ಲಿ ಏನಿಲ್ಲ." ಅವರು ಚೀಲ ಇನ್ನೊಂದು ಹೆಗಲಿಗೆ ಬದಲಾಯಿಸಿದರು. "ಮಧ್ಯದಲ್ಲಿ ನಿಂತ ಲಿಫ್ಟಿಂದ ಜನರನ್ನ ಹೊರಗೆ ತೆಗೆಯೋದು ನನ್ನ ಕೆಲಸ. ಇಲ್ಲಿ ನಾನೇ ಸಿಕ್ಕಾಕೊಂಡು ನಿಂತಿದೀನಿ ನೋಡಿ."

ಅಕ್ಕ ಕಿಂಡಿಯಿಂದ ಒಂದು ಹಾಳೆ ಹೊರಗೆ ತಳ್ಳಿದರು. "ಬಿಡ್ತೀವಿ ಅಂತ ಒಂದು ಅರ್ಜಿ ಬರ್ಕೊಡಿ. ದಿನಾಂಕ, ಹೊತ್ತು ಎರಡೂ ಹಾಕಿ. ದುಡ್ಡು ಬರುತ್ತೆ ಅಂತ ನಾನು ಹೇಳ್ತಿಲ್ಲ. ಹೊರಗೆ ಬೆಂಚ್ ಮೇಲೆ ಕೂತ್ಕೊಳಿ." ಆಮೇಲೆ ನನ್ನ ಕಡೆ ನೋಡಿ, "ಬೆಂಚು ಗಟ್ಟಿ ಇದೆ" ಅಂದರು.

ಆ ದಿನವೇ ಮೂರು ಗಂಟೆಗೆ ಮೀಟಿಂಗು ಇತ್ತು. ಹೊಸ ಬ್ಯಾಚಿನ ಫೀಸು, ಕಂತು, ವಾಪಸಾತಿ ನಿಯಮಗಳನ್ನು ತೀರ್ಮಾನಿಸಿ ಆರು ಗಂಟೆಯೊಳಗೆ ಪ್ರೆಸ್ಸಿಗೆ ಕಳಿಸಬೇಕು. ಕರಪತ್ರ ಬರೆಯುವ ಕೆಲಸ ನನ್ನದು. ಇದು ಅರ್ಜೆಂಟಾಗಲು ಕಾರಣ ಎದುರು ರಸ್ತೆಯಲ್ಲಿ ತೆರೆದ ಹೊಸ ಕ್ಲಾಸು. ಅವರಿಗೆ ಏಸಿ ಹಾಲು, ಗಾಜಿನ ಬಾಗಿಲು. ಬಾಗಿಲ ಮೇಲೆ "ಮೊದಲ ಕಂತು ಬರೀ ಐದು ಸಾವಿರ" ಎಂಬ ಬೋರ್ಡು. ನಮ್ಮ ಬ್ಯಾಚಿನ ಎಂಟು ಮಕ್ಕಳು ಎರಡು ವಾರದಿಂದ ಆ ಗಾಜಿನ ಬಾಗಿಲೊಳಗೆ ಹೋಗುತ್ತಿರುವುದು ನಮ್ಮ ಕಿಟಕಿಗೆ ಕಾಣುತ್ತಿತ್ತು. ಎಲ್ಲರೂ ಕಂತಿನವರು. ಯಾರಿಗೂ ಏನೂ ಹೇಳದೆ ಸುಮ್ಮನೆ ಬರುವುದು ನಿಲ್ಲಿಸಿದ್ದರು.

ದೊಡ್ಡ ಮೇಷ್ಟ್ರು ಬಂದವರೇ ಬೋರ್ಡಿನ ಮೇಲಿದ್ದ ಲೋಲಕದ ಚಿತ್ರ ಅಳಿಸಿ, "ನೋಡಿ, ಯಾವಾಗ ಬಿಟ್ಟರೂ ದುಡ್ಡು ವಾಪಸ್ ಅಂತ ಹಾಕೋಣ. ಜನಕ್ಕೆ ನಂಬಿಕೆ ಬರುತ್ತೆ" ಅಂದರು.

"ನಂಬಿಕೆ ಬರುತ್ತೆ, ಬಾಡಿಗೆ ಬರಲ್ಲ ಭಾವ" ಅಂದ ಭಾವಮೈದ. "ಕಂತು ತೆಗೆದುಹಾಕಿ. ಒಟ್ಟಿಗೆ ಕಟ್ಟಿಸ್ಕೊಳ್ಳಿ, ಒಂದು ಪೈಸೆ ವಾಪಸ್ ಇಲ್ಲ ಅಂತ ದಪ್ಪಕ್ಷರದಲ್ಲಿ ಹಾಕಿ. ಈಗಾಗ್ಲೇ ಬಿಟ್ಟುಹೋಗಿರೋ ಮಕ್ಕಳು ಉಳಿದ ಕಂತೂ ಕಟ್ಟಬೇಕು."

"ಬಿಟ್ಟುಹೋದ ಮೇಲೆ ಕಂತು ಕಟ್ಟಿ ಅಂದ್ರೆ ಯಾರು ಕಟ್ತಾರೆ?" ಅಂದರು ಅಕ್ಕ. "ಮನೆ ಬಾಗ್ಲಿಗೆ ಹೋಗಿ ಕೇಳೋಕೆ ನೀವು ಬರ್ತೀರಾ? ಆ ಎಂಟು ಮಕ್ಕಳ ಮನೆಗೆ ಮೊದಲು ಹೋಗಿ ಬನ್ನಿ, ನೋಡೋಣ."

ಭಾವಮೈದ ಶರ್ಟಿನ ಕಾಲರು ಸರಿಮಾಡಿಕೊಂಡ. ಅವನಿಗೆ ಉತ್ತರ ಸಿಗದಾಗ ಕಾಲರು ಸಿಗುತ್ತದೆ.

ಅಕ್ಕ ಮುಂದುವರಿಸಿದರು. "ನಮ್ಮ ನಿಯಮದಲ್ಲೇ ಒಂದು ಓರೆ ಇದೆ. ನಾನೇ ಮಾಡಿದ್ದು, ನಾನೇ ಹೇಳ್ತೀನಿ. ಕಂತಲ್ಲಿ ಕಟ್ಟಿದವರು ಎರಡು ತಿಂಗಳಿಗೆ ಬಿಟ್ರೆ ಎರಡು ತಿಂಗಳ ದುಡ್ಡಷ್ಟೇ ಹೋಗುತ್ತೆ. ನಮ್ಮನ್ನ ನಂಬಿ ಒಟ್ಟಿಗೆ ಕಟ್ಟಿದವರು ಬಿಟ್ರೆ ಆರೂ ತಿಂಗಳದ್ದು ಹೋಗುತ್ತೆ. ಓಡಿಹೋದವರು ಬಚಾವು, ಹೇಳಿ ಹೋಗೋರಿಗೆ ದಂಡ. ಹೊರಗೆ ಬೆಂಚ್ ಮೇಲೆ ಒಬ್ಬರು ಕೂತಿದಾರೆ, ನೋಡಿ."

ನಾವು ಮೂವರೂ ಬಾಗಿಲ ಸಂದಿಯಿಂದ ನೋಡಿದೆವು. ಲಿಫ್ಟಿನವರು ಬೆಂಚಿನ ಸಡಿಲವಾದ ಮೊಳೆಯೊಂದನ್ನು ಸ್ಪ್ಯಾನರಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ ಗಟ್ಟಿ ಮಾಡುತ್ತಿದ್ದರು. ಮಗಳು ಗಡಿಯಾರ ನೋಡುತ್ತಿದ್ದಳು.

"ಪಾಪ ಅನ್ಸುತ್ತೆ" ಅಂದ ಭಾವಮೈದ. ಅವನು ಕೆಟ್ಟವನಲ್ಲ. ಅವನ ದುಡ್ಡು ಗೋಡೆಯ ಸುಣ್ಣದಿಂದ ಹಿಡಿದು ನನ್ನ ಸಂಬಳದವರೆಗೂ ಇದೆ. "ಆದ್ರೆ ಅವರಿಗೆ ಕೊಟ್ರೆ ಸೋಮವಾರ ಬೆಳಿಗ್ಗೆ ಕ್ಯೂ ನಿಲ್ಲುತ್ತೆ. ಒಟ್ಟಿಗೆ ಕಟ್ಟಿದವರು ಹನ್ನೆರಡು ಜನ ಇದಾರೆ. ಎಲ್ಲಾ ಎದುರುಗಡೆ ಹೋಗ್ತೀವಿ ಅಂದ್ರೆ ಪೆಟ್ಟಿಗೇಲಿ ಏನಿದೆ? ಬಾಡಿಗೆಗೆ, ಸಂಬಳಕ್ಕೆ ಎಲ್ಲಾ ಖರ್ಚಾಗಿದೆ."

ಅದೂ ಸುಳ್ಳಲ್ಲ. ನಾನು ಜೇಬಿಗೆ ಕೈ ಹಾಕಿ, "ನಾವೇ ಎಲ್ಲಾ ಸೇರ್ಸಿ ಕೊಟ್ಬಿಡೋಣ. ನಾನು ಇಷ್ಟು ಕೊಡ್ತೀನಿ" ಅಂದೆ. ಹೊರಗೆ ತೆಗೆದರೆ ಏಳುನೂರು ಮತ್ತು ಲಾಂಡ್ರಿಯ ಚೀಟಿ. ಉದಾರತೆ ಅಳತೆ ನೋಡಿಕೊಂಡು ಬರಬೇಕು.

"ಒಳಗಿಡಿ" ಅಂದರು ಅಕ್ಕ. "ಇವತ್ತು ನೀವು ದಾನ ಮಾಡ್ತೀರಿ. ನಾಳೆ ಇನ್ನೊಬ್ಬರು ಬಂದಾಗ ನಿಮಗೆ ರಜಾ ಇರುತ್ತೆ. ಆಗ ಅವರಿಗೆ ನಾನು ಏನಂತ ಹೇಳ್ಲಿ? ಮೇಷ್ಟ್ರು ಊರಲ್ಲಿಲ್ಲ, ಅದಕ್ಕೆ ನಿಯಮ ಇಲ್ಲ ಅಂತಲಾ?"

ಏಳುನೂರು ಒಳಗೆ ಹೋಯಿತು. ಸ್ವಲ್ಪ ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅಕ್ಕ ಟಾಕೀಸಿನ ಕಥೆ ತೆಗೆದರು. ಹೌಸ್‌ಫುಲ್ ಆದ ದಿನ ಟಿಕೆಟ್ ಕೊಂಡವರಿಗೆ ಏನೋ ಅವಸರ ಬಂದು ಸಿನಿಮಾ ಬೇಡವಾದರೆ ಇವರ ಕಿಂಡಿಗೆ ಬರುತ್ತಿದ್ದರಂತೆ. ಇವರು ದುಡ್ಡು ವಾಪಸ್ಸು ಕೊಡುತ್ತಿರಲಿಲ್ಲ. ಆ ಟಿಕೆಟನ್ನು ಕಿಂಡಿಯ ಪಕ್ಕದಲ್ಲಿಟ್ಟುಕೊಂಡು, ಹೊರಗೆ ನಿಂತವರಲ್ಲಿ ಮೊದಲು ಕೇಳಿದವರಿಗೆ ಕೊಟ್ಟು, ಬಂದ ದುಡ್ಡನ್ನು ಟಿಕೆಟ್ ಬಿಟ್ಟವರಿಗೆ ಕೊಡುತ್ತಿದ್ದರು. "ಟಾಕೀಸಿಗೆ ನಷ್ಟ ಇಲ್ಲ. ಕುರ್ಚಿ ಖಾಲಿ ಇಲ್ಲ. ಯಾರೂ ಬರ್ಲಿಲ್ಲ ಅಂದ್ರೆ ದುಡ್ಡೂ ಇಲ್ಲ. ಇಲ್ಲೂ ಹಂಗೇ ಮಾಡ್ಬೋದು. ಬಿಟ್ಟವರ ಜಾಗಕ್ಕೆ ಇನ್ನೊಬ್ಬರು ಬಂದ್ರೆ, ಬಂದವರು ಕಟ್ಟೋ ಪಾಠದ ದುಡ್ಡಲ್ಲಿ ಇವರ ಉಳಿದ ತಿಂಗಳಿನದು ವಾಪಸ್."

ದೊಡ್ಡ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಮಾಡಿದರು. ಲಿಫ್ಟಿನವರು ಕಟ್ಟಿದ್ದು ಮೂವತ್ತನಾಲ್ಕು. ದಾಖಲಾತಿ, ಪುಸ್ತಕ ಸೇರಿ ಆರು ಹೋಯಿತು. ಎರಡು ತಿಂಗಳ ಪಾಠ ಹತ್ತು ಹೋಯಿತು. ಬಿಟ್ಟ ಮೇಲೆ ರಿಯಾಯ್ತಿ ಇಲ್ಲ, ಅದೂ ಇದರಲ್ಲೇ ಕಳೆದುಹೋಯಿತು. ಉಳಿದದ್ದು ಹದಿನೆಂಟು. ಹೊಸದಾಗಿ ನಾಲ್ಕು ತಿಂಗಳಿಗೆ ಬರುವವರು ಕಟ್ಟುವುದು ಪಾಠಕ್ಕೆ ಇಪ್ಪತ್ತು, ದಾಖಲಾತಿ ಪುಸ್ತಕ ಬೇರೆ.

ಭಾವಮೈದ ಬೋರ್ಡನ್ನು ಎರಡು ಸಲ ಓದಿದ. ಕಾಲರು ಮುಟ್ಟಲಿಲ್ಲ. "ಇದ್ರಲ್ಲಿ ನಮಗೆ ನಷ್ಟ ಇಲ್ಲ."

"ಇಲ್ಲ" ಅಂದರು ಅಕ್ಕ.

"ಆದ್ರೆ ಹೊಸಬರು ಕಂತಲ್ಲಿ ಕಟ್ಟಿದ್ರೆ? ಇವತ್ತು ಹದಿನಾರು ಬರುತ್ತೆ, ನೀವು ಹದಿನೆಂಟು ಕೊಡ್ತೀರ."

"ಕಂತಲ್ಲಿ ತಗೊಳ್ಳೋರು ಕಂತಲ್ಲಿ ಕೊಡ್ಬೋದು. ಹದಿನಾರರಲ್ಲಿ ಆರು ನಮ್ಮದು, ಹತ್ತು ಇವರಿಗೆ. ಉಳಿದ ಎಂಟು ಮುಂದಿನ ಕಂತು ಬಂದ ದಿನ."

ಹತ್ತು. ಲಿಫ್ಟಿನವರಿಗೆ ಸೋಮವಾರಕ್ಕೆ ಬೇಕಾಗಿದ್ದು ಅಷ್ಟೇ. ನಾನು ಕರಪತ್ರದ ಹಾಳೆಯ ಮೇಲೆ ಬರೆಯಲು ಶುರುಮಾಡಿದ್ದೆ. ಅಷ್ಟರಲ್ಲಿ ಭಾವಮೈದ, "ತಡೀರಿ" ಅಂದ.

"ನಮ್ಮಲ್ಲಿ ಆಗಲೇ ಎಂಟು ಸೀಟು ಖಾಲಿ ಇದೆ. ಹೊಸಬರು ಒಬ್ಬರು ಬಂದ್ರೆ ಮೊದಲು ಆ ಎಂಟರಲ್ಲಿ ಕೂರ್ತಾರೆ. ಈ ಹುಡುಗಿ ಸೀಟು ತುಂಬೋದು ಒಂಬತ್ತನೆಯವರು ಬಂದಾಗ. ಅಲ್ವಾ?"

ಅವನು ಹೇಳಿದ್ದರಲ್ಲಿ ಹುಳುಕು ಹುಡುಕಲು ನಾನು ನೋಡಿದೆ. ಸಿಗಲಿಲ್ಲ. ದೊಡ್ಡ ಮೇಷ್ಟ್ರು ಸೀಮೆಸುಣ್ಣವನ್ನು ಎರಡು ತುಂಡು ಮಾಡಿದರು. ಅಕ್ಕ ಎದ್ದು ಹೋಗಿ ಹುಡುಗಿಯ ಅರ್ಜಿ ತಂದರು.

"ಅವರು ಎಂಟೂ ಜನ ಎರಡು ತಿಂಗಳಿಗೆ ಕಟ್ಟಿದಾರೆ. ಇವತ್ತಿನವರೆಗೆ ಆ ಸೀಟು ಅವರದ್ದು. ಬರ್ಲಿ ಬಿಡ್ಲಿ. ಈಗ ಬಂದು ಕೂತ್ರೂ ನಾನು ಏಳಿ ಅನ್ನೋಹಾಗಿಲ್ಲ, ಯಾಕಂದ್ರೆ ಯಾರೂ ಬಿಡ್ತೀನಿ ಅಂತ ಹೇಳಿಲ್ಲ. ಸೋಮವಾರ ಎರಡನೇ ಕಂತು. ಅದು ಕಟ್ಟದಿದ್ರೆ ಆಗ ಖಾಲಿ. ಇವತ್ತಿಗೆ, ಬಿಡ್ತೀನಿ ಅಂತ ಬರ್ಕೊಟ್ಟಿರೋದು ಈ ಹುಡುಗಿ ಒಬ್ಬಳೇ. ಮೊದಲು ಹೇಳಿದವರ ಸೀಟು ಮೊದಲು ತುಂಬಬೇಕು. ಹಂಗಂತ ನಿಯಮ ಮಾಡಿದ್ರೆ ಮುಂದೆ ಎಲ್ರೂ ಹೇಳಿ ಹೋಗ್ತಾರೆ, ಕದ್ದು ಹೋಗಲ್ಲ. ನಿಮಗೂ ಎಷ್ಟು ಸೀಟು ಇದೆ ಅಂತ ಗೊತ್ತಾಗುತ್ತೆ."

ಭಾವಮೈದ ಬಹಳ ಹೊತ್ತು ಕಿಟಕಿಯಿಂದ ಗಾಜಿನ ಬಾಗಿಲನ್ನು ನೋಡಿದ. "ಸರಿ. ಕರಪತ್ರದಲ್ಲಿ ಹಾಕಿ. ಈ ಹುಡುಗಿಗೂ ಇರ್ಲಿ. ಆದ್ರೆ ಇವತ್ತೇ ಯಾರಾದ್ರೂ ಬಂದ್ರೆ ಮಾತ್ರ. ಸೋಮವಾರ ಬಂದ್ರೆ ಎಂಟು ಸೀಟೂ ಖಾಲಿ, ಆಗ ಇವಳ ಸೀಟಿಗೇ ಅಂತ ನೀವು ತೋರ್ಸಿದ್ರೂ ನಾನು ಒಪ್ಪಲ್ಲ. ಪೆಟ್ಟಿಗೆಯಿಂದ ಮುಂಗಡ ತೆಗೆಯೋಹಾಗೂ ಇಲ್ಲ."

ಗಂಟೆ ನಾಲ್ಕಾಗಿತ್ತು. ಕೌಂಟರು ಮುಚ್ಚುವುದು ಆರಕ್ಕೆ.

ಅಕ್ಕ ಫೋನು ಹಿಡಿದರು. ಬ್ಯಾಚು ಶುರುವಾದಾಗ ಸೀಟಿಲ್ಲ ಅಂತ ವಾಪಸ್ಸು ಕಳಿಸಿದವರ ನಂಬರುಗಳೆಲ್ಲ ಇದ್ದವು. ಮೊದಲನೆಯವರು ಎದುರಿನ ಕ್ಲಾಸಿಗೆ ಸೇರಿಯಾಗಿತ್ತು. ಎರಡನೆಯವರೂ ಅಲ್ಲಿಗೇ. ಮೂರನೆಯವರು, "ಆಗ ಸೀಟಿಲ್ಲ ಅಂದ್ರಿ, ಈಗ ಫೋನ್ ಮಾಡ್ತೀರಾ" ಅಂತ ದೀರ್ಘವಾಗಿ ಬೈದರು. ಅಕ್ಕ ಪೂರ್ತಿ ಕೇಳಿಸಿಕೊಂಡು, "ಆಯ್ತಮ್ಮ, ಗೊತ್ತಾಯ್ತು" ಅಂತ ಇಟ್ಟರು. ಎರಡು ತಿಂಗಳ ಪಾಠ ತಪ್ಪಿದೆ ಅಂತ ತಿಳಿದ ಕೂಡಲೇ ಒಬ್ಬರು ಹಿಂದೆ ಸರಿದರು. ಅದನ್ನು ಮೊದಲೇ ಹೇಳುವ ಅಗತ್ಯ ಏನಿತ್ತು ಅಂತ ನಾನು ಕೇಳಿದೆ. "ಹೇಳ್ದೆ ಸೇರ್ಸಿದ್ರೆ ನಾಳಿದ್ದು ಅವರೂ ಅರ್ಜಿ ತಗೊಂಡು ಬರ್ತಾರೆ" ಅಂದರು.

ಐದು ಗಂಟೆಗೆ ನಂಬರುಗಳು ಮುಗಿದವು. ಹೊರಗೆ ಬೆಂಚಿನ ಮೊಳೆಗಳೂ ಮುಗಿದಿದ್ದವು. ಲಿಫ್ಟಿನವರು ಈಗ ನನ್ನ ಕುರ್ಚಿಯ ಮುರಿದ ಕಾಲುಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮಗಳು ಕಿಂಡಿಯ ಹತ್ತಿರ ಬಂದು, "ಆಗದಿದ್ರೆ ಪರವಾಗಿಲ್ಲ ಆಂಟಿ. ಅಪ್ಪನಿಗೆ ನೀವೇ ಹೇಳಿ, ನಾನು ಹೇಳಿದ್ರೆ ಎಲ್ಲಾದ್ರೂ ಸಾಲ ಮಾಡೋಕೆ ಹೋಗ್ತಾರೆ" ಅಂದಳು.

ಅಕ್ಕ ಅವಳನ್ನು ಒಂದು ಕ್ಷಣ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಭಾಷೆ ಮೇಷ್ಟ್ರೇ, ನಿಮ್ಮ ಫೋನ್ ಕೊಡಿ. ನನ್ನ ನಂಬರ್ ನೋಡಿದ್ರೆ ಅವಳು ಎತ್ತಲ್ಲ."

ಯಾರು ಎಂದು ಕೇಳಬೇಕಾಗಿರಲಿಲ್ಲ. ತಂಗಿಗೆ ಮಗನಲ್ಲದೆ ಒಬ್ಬಳು ಮಗಳೂ ಇದ್ದಾಳೆ. ಈ ವರ್ಷ ಪರೀಕ್ಷೆ ಬರೆಯುವವಳು. ಯಾವ ಕ್ಲಾಸಿಗೂ ಹೋಗದೆ ಮನೆಯಲ್ಲೇ ಓದುತ್ತಾಳೆ ಅಂತ ತಾಯಿಯ ಬೈಗುಳದ ನಡುವೆ ಅಕ್ಕನಿಗೆ ಗೊತ್ತಾಗಿತ್ತು. ಮೊದಲೇ ಇದು ಹೊಳೆದಿರಲಿಲ್ಲವೇ ಅಂತ ನಾನು ಯೋಚಿಸಿದೆ. ಹೊಳೆದಿತ್ತು. ಅದಕ್ಕೇ ಉಳಿದ ನಂಬರುಗಳನ್ನೆಲ್ಲ ಮೊದಲು ಮುಗಿಸಿದ್ದು.

ಫೋನು ಸ್ಪೀಕರಿನಲ್ಲಿತ್ತು. ನನ್ನ ಫೋನಿನ ಕಿವಿ ಕೆಟ್ಟು ತಿಂಗಳಾಗಿದೆ, ಅದು ಎಲ್ಲವನ್ನೂ ಸಾರ್ವಜನಿಕವಾಗಿಯೇ ಮಾತಾಡುತ್ತದೆ.

"ಹಲೋ, ಯಾರು?"

"ನಾನು ಕಣೇ."

ಆ ಕಡೆಯಿಂದ ಕುಕ್ಕರಿನ ಸೀಟಿ ಒಂದು ಬಂತು.

"ಅಮ್ಮನಿಗೆ ಏನಾದ್ರೂ..." ಅಂದಳು ತಂಗಿ.

"ಅಮ್ಮ ಚೆನ್ನಾಗಿದಾಳೆ. ನಿನ್ನ ಮಗಳಿಗೆ ಇಲ್ಲೊಂದು ಸೀಟಿದೆ. ಎರಡು ತಿಂಗಳ ಪಾಠ ಆಗಿಹೋಗಿದೆ. ಅದನ್ನ ಭಾನುವಾರ ಭಾನುವಾರ ಹೇಳ್ಕೊಡೋಕೆ ದೊಡ್ಡ ಮೇಷ್ಟ್ರು, ಭಾಷೆ ಮೇಷ್ಟ್ರು ಒಪ್ಪಿದಾರೆ. ಉಳಿದ ನಾಲ್ಕು ತಿಂಗಳಿಗೆ ಮಾತ್ರ ಫೀಸು. ಇವತ್ತು ಹದಿನಾರು, ಉಳಿದ ಹತ್ತು ಎರಡು ತಿಂಗಳು ಬಿಟ್ಟು. ಆರು ಗಂಟೆಯೊಳಗೆ ಬರ್ಬೇಕು."

ನಾವು ಒಪ್ಪಿದ್ದು ನಮಗೆ ಆಗಲೇ ಗೊತ್ತಾದದ್ದು. ದೊಡ್ಡ ಮೇಷ್ಟ್ರು ನನ್ನನ್ನು ನೋಡಿದರು, ನಾನು ಫ್ಯಾನನ್ನು ನೋಡಿದೆ.

"ನನ್ನ ಮಗ ಬಿಟ್ಟಾಗ ನಿನಗೆ ಐದು ದಿನ ಬಿಡೋಕೆ ಆಗ್ಲಿಲ್ಲ. ಈಗ ನಿನ್ನ ಸೀಟು ಖಾಲಿ ಬಿತ್ತು ಅಂತ ನಾನು ನೆನಪಾದ್ನಾ?"

"ಹೌದು" ಅಂದರು ಅಕ್ಕ.

ನಾನಾಗಿದ್ದರೆ ಅಲ್ಲ ಅನ್ನುತ್ತಿದ್ದೆ. ಭಾವಮೈದ ಹಣೆ ಮುಟ್ಟಿಕೊಂಡ.

"ಸೀಟು ಖಾಲಿ ಬಿದ್ದಿದ್ದಕ್ಕೇ ಫೋನ್ ಮಾಡ್ದೆ" ಅಂದರು ಅಕ್ಕ, ಅದೇ ದನಿಯಲ್ಲಿ. "ಬಿಟ್ಟವಳು ಬೇರೆ ಕೋರ್ಸಿಗೆ ಸೇರ್ಬೇಕು. ನಿನ್ನ ಮಗಳು ಬಂದ್ರೆ ಅವಳ ದುಡ್ಡು ಅವಳಿಗೆ ವಾಪಸ್ ಹೋಗುತ್ತೆ. ಬರದಿದ್ರೆ ಇಲ್ಲ. ಆಗ ನಿನ್ನ ಮಗನಿಗೆ ಈ ನಿಯಮ ಇರ್ಲಿಲ್ಲ, ಇವತ್ತು ಮಧ್ಯಾಹ್ನ ಮಾಡಿದ್ದು. ಇದ್ದಿದ್ರೆ ಅವನಿಗೂ ಮಾಡ್ತಿದ್ದೆ. ಅದು ಆಗ ನನಗೆ ಹೊಳೀಲಿಲ್ಲ."

ಆ ಕಡೆ ಇನ್ನೊಂದು ಸೀಟಿ. "ಕುಕ್ಕರ್ ಇಳಿಸ್ಬೇಕು" ಅಂತ ಹೇಳಿ ತಂಗಿ ಫೋನು ಇಟ್ಟಳು.

ಬರುತ್ತಾಳೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಅಕ್ಕ ಕೌಂಟರಿಗೆ ಹೋಗಿ ಕೂತರು. ರಸೀದಿ ಪುಸ್ತಕ ತೆಗೆದು, ಅದರೊಳಗೆ ಕಾರ್ಬನ್ ಹಾಳೆ ಸೇರಿಸಿ, ಪೆನ್ನು ಪಕ್ಕದಲ್ಲಿಟ್ಟರು. ಬರೆಯಲಿಲ್ಲ. ಪ್ರೆಸ್ಸಿನವನು ಎರಡು ಸಲ ಫೋನು ಮಾಡಿದ. ನಾನು "ಸೀಟು ತುಂಬಿದ ಮೇಲೆ" ಎಂಬ ಸಾಲನ್ನು ನಾಲ್ಕು ಥರ ಬರೆದು ನಾಲ್ಕನ್ನೂ ಹೊಡೆದುಹಾಕಿದೆ. ಐದೂಮುಕ್ಕಾಲಿಗೆ ಭಾವಮೈದ ಸ್ಕೂಟರಿನ ಕೀಲಿ ಹುಡುಕತೊಡಗಿದ. ಕೀಲಿ ಅವನ ಕೈಯಲ್ಲೇ ಇತ್ತು. ಅವನೂ ಹೋಗಲಿಲ್ಲ.

ಲಿಫ್ಟಿನವರು ಎದ್ದು ಚೀಲ ಹೆಗಲಿಗೇರಿಸಿದರು. "ಇರ್ಲಿ ಅಕ್ಕ, ನೀವು ಇಷ್ಟು ಹೊತ್ತು..." ಅನ್ನುವಷ್ಟರಲ್ಲಿ ಮೆಟ್ಟಿಲ ಮೇಲೆ ಎರಡು ಜೊತೆ ಚಪ್ಪಲಿಯ ಸದ್ದಾಯಿತು. ಮುಂದೆ ತಂಗಿ, ಕೈಯಲ್ಲಿ ಬ್ಯಾಂಕಿನ ಲಕೋಟೆ. ಹಿಂದೆ ಮಗಳು, ಪುಸ್ತಕದ ಚೀಲವನ್ನು ಎದೆಗೆ ಅವಚಿಕೊಂಡು. ಬಾಗಿಲು ತೆರೆದೇ ಇತ್ತು. ತಂಗಿ ಬಾಗಿಲಿಂದ ಒಳಗೆ ಬರಲಿಲ್ಲ. ನೇರವಾಗಿ ಕಿಂಡಿಗೆ ಹೋದಳು.

"ಹದಿನಾರು ಇದೆ" ಅಂದಳು. "ಎಣಿಸ್ಕೊ. ನೀನು ಎಣಿಸ್ತೀಯ ಅಂತ ಗೊತ್ತು."

ಅಕ್ಕ ಎಣಿಸಿದರು. ರಸೀದಿ ಬರೆದರು. ಆಮೇಲೆ ಹತ್ತು ಬೇರೆ ತೆಗೆದು, "ಲಿಫ್ಟಿನವರೇ" ಅಂತ ಕೂಗಿದರು. ಲಿಫ್ಟಿನವರು ದುಡ್ಡು ತೆಗೆದುಕೊಂಡು, ಕೈ ಎಲ್ಲಿಡಬೇಕೋ ತಿಳಿಯದೆ, ಕೊನೆಗೆ ತಂಗಿಗೂ ತಂಗಿಯ ಮಗಳಿಗೂ ತಲೆ ಬಾಗಿಸಿದರು. "ಉಳಿದ ಎಂಟು ಇವರ ಮುಂದಿನ ಕಂತಿಗೆ. ಇಲ್ಲಿ ಸಹಿ ಹಾಕಿ" ಅಂದರು ಅಕ್ಕ. ಅವರು ಹಾಕಿದ ಸಹಿಯ ಮೇಲೆ ಗ್ರೀಸಿನ ಒಂದು ಬೆರಳಚ್ಚೂ ಬಿತ್ತು. ಮಗಳು ಅಪ್ಪನ ಚೀಲವನ್ನು ತಾನೇ ಹೊತ್ತುಕೊಂಡು ಮೆಟ್ಟಿಲಿಳಿದಳು.

ತಂಗಿ ಅವರಿಬ್ಬರು ಹೋಗುವುದನ್ನು ನೋಡುತ್ತ ನಿಂತಿದ್ದಳು. ಆಮೇಲೆ ರಸೀದಿ ಮಡಿಸಿ ಬ್ಯಾಗಿಗೆ ಹಾಕಿ, ಜಿಪ್ಪು ಎಳೆದು, ಮತ್ತೆ ತೆರೆದು, ಕಿಂಡಿಗೆ ಬಗ್ಗಿದಳು. ದನಿಯಲ್ಲಿ ಹಳೆಯ ಮೊನೆ ಇತ್ತು. ಆದರೆ ಅದು ಅಷ್ಟೇನೂ ಚುಚ್ಚುವ ಹಾಗಿರಲಿಲ್ಲ.

"ಒಂದು ಕೇಳ್ತೀನಿ. ನಾಳಿದ್ದು ಇವಳೂ ನಂಗೆ ಬೇಡ ಅಂತ ಅರ್ಧದಲ್ಲಿ ಬಿಟ್ರೆ, ನನ್ನ ದುಡ್ಡು ವಾಪಸ್ ಬರುತ್ತಾ?"

ಅಕ್ಕ ರಸೀದಿ ಪುಸ್ತಕದಿಂದ ಕಾರ್ಬನ್ ಹಾಳೆ ತೆಗೆದು ನೀಟಾಗಿ ಮಡಿಸಿದರು.

"ನಿಂಗೆ ಇನ್ನೊಂದು ಮಗು ಇದ್ಯಾ?"